ಹಗುರ ಕೆಲಸಕ್ಕಾಗಿ ಕೋರಿಕೆ

ಗಂಗಾವತಿ, 03-03-2025

ಇವರಿಗೆ,
ಅಕ್ಕಿ ಗಿರಣಿಯ ವ್ಯವಸ್ಥಾಪಕರು

ವಿಷಯ: ಟೋಕನ್ ಸಂಖ್ಯೆ 47ರ ಹಮಾಲರಿಗೆ ಹಗುರ ಕೆಲಸ ಕೊಡುವ ಬಗ್ಗೆ

ಮಾನ್ಯರೇ,

ನನ್ನ ಚಿಕಿತ್ಸೆಯಲ್ಲಿರುವ ಇವರು ಮಾರ್ಚ್ 10ರಿಂದ ಕೆಲಸಕ್ಕೆ ಬರಬಹುದು. ಆದರೆ ಮೇ 4ರವರೆಗೆ 5 ಕೆ.ಜಿ.ಗಿಂತ ಹೆಚ್ಚು ಎತ್ತಬಾರದು. ಬಗ್ಗುವುದು, ಮೈ ತಿರುಚುವುದು ಕೂಡದು. ಇಬ್ಬರು ಸೇರಿ ಚೀಲ ಎತ್ತುವುದೂ ಬೇಡ: 50 ಕೆ.ಜಿ. ಚೀಲದಲ್ಲಿ ಒಬ್ಬರ ಪಾಲೇ 25 ಆಗುತ್ತದೆ.

ತೂಕದ ಲೆಕ್ಕ ಬರೆಯುವುದು, ಗೇಟ್‌ಪಾಸ್ ನೋಡುವುದು ಹೊಂದುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಲು ಬಿಡಿ. ಕಸ ಗುಡಿಸುವುದು ಹಗುರವೆನಿಸಿದರೂ ಬಗ್ಗಿಯೇ ಮಾಡುವ ಕೆಲಸ, ಅದು ಬೇಡ. ಮೊದಲ ಎರಡು ವಾರ ದಿನಕ್ಕೆ 4 ಗಂಟೆ ಸಾಕು.

ಆರೋಗ್ಯದ ವಿವರ ಗೋಪ್ಯ. ಅವರ ಲಿಖಿತ ಒಪ್ಪಿಗೆಯಿಲ್ಲದೆ ತಿಳಿಸಲಾಗದು. ಮೇ 2ರಂದು ಮರುತಪಾಸಣೆ ಮಾಡಿ ಮುಂದಿನದನ್ನು ಬರೆಯುತ್ತೇನೆ.

ಇಂತಿ,
ಚಿಕಿತ್ಸೆ ನೀಡುತ್ತಿರುವ ವೈದ್ಯರು
(ಸಹಿ, ಮೊಹರು)