ನಮ್ಮ ಮನೆಯ ಮೊದಲ ವಾರದ ಸಹರಿ, ಇಫ್ತಾರ್ ಪಟ್ಟಿ

ತಂಗೀ, ಈ ಮನೆಯಲ್ಲಿ ನಿನಗೆ ಇದು ಮೊದಲ ರಂಜಾನ್. ಒಂದು ದಿನ ನಾನು, ಒಂದು ದಿನ ನೀನು ಅಂತ ಅಡುಗೆ ಹಂಚಿಕೊಂಡಿದ್ದೇವಲ್ಲ, ಅದಕ್ಕೇ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ನಿದ್ದೆಗಣ್ಣಲ್ಲಿ ಎದ್ದಾಗ ಏನು ಮಾಡೋದು ಅಂತ ಯೋಚಿಸುತ್ತಾ ನಿಲ್ಲೋದು ಬೇಡ.

ಹೋದ ವರ್ಷ ನಾವು ಸಹರಿಯನ್ನು ತೀರಾ ಹಗುರವಾಗಿ ತೆಗೆದುಕೊಂಡೆವು. ಚಹಾ, ಬನ್ನು, ಮತ್ತೆ ನಿದ್ದೆ. ಮಧ್ಯಾಹ್ನ ಮೂರಾಗುವ ಹೊತ್ತಿಗೆ ನನ್ನ ಮಗ ತಲೆ ಹಿಡಿದುಕೊಂಡು ಮಲಗುತ್ತಿದ್ದ. ಸಂಜೆ ಅಜಾನ್ ಆಗಿದ್ದೇ ತಡ ಬಜ್ಜಿ, ಸಮೋಸ, ಗುಲಾಬಿ ಶರಬತ್ತು. ತರಾವೀಹ್‌ಗೆ ನಿಂತರೆ ಎದೆಯುರಿ. ಮೈದಾ, ಸಕ್ಕರೆ ಬೇಗ ಕರಗಿಹೋಗುತ್ತವೆ, ಶಕ್ತಿ ನಿಲ್ಲುವುದಿಲ್ಲ. ಬೇಳೆ, ಮೊಟ್ಟೆ, ಮೊಸರು, ಇಡೀ ಧಾನ್ಯ ನಿಧಾನವಾಗಿ ಜೀರ್ಣವಾಗುತ್ತವೆ. ಸುಮಾರು 13 ಗಂಟೆ ತಡೆಯಬೇಕಾದ ಹೊಟ್ಟೆಗೆ ಬೇಕಾದ್ದು ಅವೇ. ಈ ಸಲ ಹುಡುಗ ತಿಂಗಳು ಪೂರ್ತಿ ರೋಜಾ ಇಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅವನ ಹಟಕ್ಕೆ ನಮ್ಮ ಅಡುಗೆ ಜೊತೆ ಕೊಡಬೇಕು.

ದಿನಾ ಪಾಲಿಸಬೇಕಾದದ್ದು ಇಷ್ಟು. ಅಜಾನ್ ಆದಕೂಡಲೇ ಖರ್ಜೂರ, ನೀರು, ಒಂದು ಬಟ್ಟಲು ಹಣ್ಣು ಅಥವಾ ಗಂಜಿ. ಆಮೇಲೆ ಮಗ್ರಿಬ್ ನಮಾಜ್. ನಮಾಜ್ ಮುಗಿಸಿ ಬಂದ ಮೇಲೆ ಊಟ. ನಡುವಿನ ಆ ಹದಿನೈದು ನಿಮಿಷದಲ್ಲಿ ಹಸಿವಿನ ಆತುರ ಇಳಿದಿರುತ್ತೆ, ಎಲ್ಲರೂ ತಾವಾಗಿಯೇ ಕಡಿಮೆ ತಿನ್ನುತ್ತಾರೆ. ನೀರನ್ನು ಸಹರಿಯಲ್ಲಿ ಒಂದೇ ಸಲ ಗಟಗಟ ಕುಡಿದರೆ ಪ್ರಯೋಜನವಿಲ್ಲ. ಇಫ್ತಾರಿಗೆ ಎರಡು ಲೋಟ, ಊಟದ ಜೊತೆ ಒಂದು, ತರಾವೀಹ್ ಆದ ಮೇಲೆ ಎರಡು ಮೂರು, ಸಹರಿಗೆ ಎರಡು. ಸಹರಿಗೆ ಉಪ್ಪಿನಕಾಯಿ, ಹಪ್ಪಳ ಇಡಬೇಡ, ದಿನವಿಡೀ ಬಾಯಾರುತ್ತೆ.

1ನೇ ರೋಜಾ

ಸಹರಿ: ಗೋಧಿ ರವೆ ಉಪ್ಪಿಟ್ಟು (ಬೀನ್ಸ್, ಕ್ಯಾರೆಟ್, ಬಟಾಣಿ ಧಾರಾಳವಾಗಿ), ತಲೆಗೊಂದು ಬೇಯಿಸಿದ ಮೊಟ್ಟೆ, ಮಗನಿಗೆ ಎರಡು. ಒಂದು ಬಟ್ಟಲು ಮೊಸರು, ಬಾಳೆಹಣ್ಣು. ತರಕಾರಿ ರಾತ್ರಿಯೇ ಹೆಚ್ಚಿಟ್ಟಿರು.

ಇಫ್ತಾರ್: ಮೂರು ಖರ್ಜೂರ, ನೀರು, ಕಲ್ಲಂಗಡಿ, ಆಮೇಲೆ ಗಂಜಿ. ನಮಾಜ್ ಆದ ಮೇಲೆ ಚಪಾತಿ, ಸೊಪ್ಪಿನ ದಾಲ್, ಸೌತೆಕಾಯಿ.

ಗಂಜಿ ಮಾಡೋದು ಹೀಗೆ. ಒಂದು ಲೋಟ ನುಚ್ಚಕ್ಕಿ, ಕಾಲು ಲೋಟ ಹೆಸರುಬೇಳೆ, ಒಂದು ಚಮಚ ಮೆಂತ್ಯ ಮಧ್ಯಾಹ್ನವೇ ನೆನೆಹಾಕು. ಕುಕ್ಕರಿನಲ್ಲಿ ಒಂದೇ ಚಮಚ ಎಣ್ಣೆ, ಚಕ್ಕೆ, ಎರಡು ಲವಂಗ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಗಾಗಬೇಕಿಲ್ಲ. ಒಂದು ಹಿಡಿ ಖೀಮಾ ಹಾಕಿ ನೀರು ಇಂಗುವವರೆಗೆ ಕೈಯಾಡಿಸು, ಟೊಮೆಟೊ, ಪುದೀನ ಸೇರಿಸು. ನೆನೆದ ಅಕ್ಕಿ ಬೇಳೆ ಹಾಕಿ ಎಂಟು ಲೋಟ ನೀರು ಸುರಿ. ನಾಲ್ಕು ಸೀಟಿ. ಮುಚ್ಚಳ ತೆಗೆದ ಮೇಲೆ ಸೌಟಿನ ಬೆನ್ನಲ್ಲಿ ಮಸೆದು, ಅರ್ಧ ಲೋಟ ತೆಂಗಿನ ಹಾಲು ಬೆರೆಸಿ ಒಂದು ಕುದಿ ಬಂದರೆ ಇಳಿಸು. ಸೌಟಿನಿಂದ ಧಾರೆಯಾಗಿ ಇಳಿಯುವಷ್ಟು ತೆಳ್ಳಗಿರಬೇಕು. ಗಂಜಿ ಸರಿಯಾಗಿದ್ದರೆ ಪಕೋಡ ಎಲ್ಲಿ ಅಂತ ಯಾರೂ ಕೇಳೋದಿಲ್ಲ, ನೋಡು.

2ನೇ ರೋಜಾ

ಸಹರಿ: ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಮಜ್ಜಿಗೆ. ರೊಟ್ಟಿ ಬಡಿಯೋಕೆ ಆ ಹೊತ್ತಿನಲ್ಲಿ ಕೈ ಬರದಿದ್ದರೆ ಚಪಾತಿ ಆದೀತು.

ಇಫ್ತಾರ್: ಖರ್ಜೂರ, ನಿಂಬೆ ಶರಬತ್ತು (ಕಾಮಕಸ್ತೂರಿ ಬೀಜ ಹಾಕಿ, ಸಕ್ಕರೆ ಒಂದು ಲೋಟಕ್ಕೆ ಒಂದೇ ಚಮಚ), ಕಾಬೂಲಿ ಕಡಲೆ ಉಸಲಿ. ಊಟಕ್ಕೆ ಅನ್ನ, ಮೀನು ಸಾರು, ಹುರುಳಿಕಾಯಿ ಪಲ್ಯ.

3ನೇ ರೋಜಾ

ಸಹರಿ: ಓಟ್ಸ್ ಹಾಲಿನಲ್ಲಿ ಬೇಯಿಸಿ, ಮೇಲೆ ಸೇಬು, ಬಾದಾಮಿ, ಎರಡು ಖರ್ಜೂರ ಕತ್ತರಿಸಿ. ಜೊತೆಗೆ ಮೊಟ್ಟೆ. ಓಟ್ಸ್ ಒಂದೇ ತಿಂದರೆ ಹನ್ನೊಂದಕ್ಕೇ ಹಸಿವಾಗುತ್ತೆ ಅಂತ ಮಗ ಹೇಳುತ್ತಾನೆ, ಮೊಟ್ಟೆ ಬಿಡಬೇಡ.

ಇಫ್ತಾರ್: ಖರ್ಜೂರ, ಪಪ್ಪಾಯ, ಹೆಸರುಬೇಳೆ ಪಡ್ಡು. ಬೇಳೆಯನ್ನು ಮೂರು ಗಂಟೆ ನೆನೆಸಿ, ಹಸಿಮೆಣಸು, ಶುಂಠಿ ಹಾಕಿ ಗಟ್ಟಿಯಾಗಿ ರುಬ್ಬು. ಈರುಳ್ಳಿ, ಕೊತ್ತಂಬರಿ ಕಲಸಿ, ಪಡ್ಡು ಹೆಂಚಿನ ಗುಳಿಗೆ ನಾಲ್ಕೇ ಹನಿ ಎಣ್ಣೆ. ಮುಚ್ಚಿಟ್ಟು ಬೇಯಿಸಿ ತಿರುವಿಹಾಕು, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಪುದೀನ ಚಟ್ನಿ ಇದ್ದರೆ ಬಜ್ಜಿಯ ಆಸೆ ಇದರಲ್ಲೇ ತೀರುತ್ತೆ. ಊಟಕ್ಕೆ ಚಪಾತಿ, ಚಿಕನ್ ಸಾರು.

4ನೇ ರೋಜಾ

ಸಹರಿ: ನಿನ್ನೆಯ ಚಿಕನ್ ಸಾರು ಉಳಿಸಿಟ್ಟಿರು, ಚಪಾತಿ ಮಾತ್ರ ಬಿಸಿ. ಮೊಸರು.

ಇಫ್ತಾರ್: ಗಂಜಿ, ಹಣ್ಣು. ಊಟಕ್ಕೆ ತರಕಾರಿ ಪಲಾವ್, ರಾಯಿತ.

5ನೇ ರೋಜಾ

ಸಹರಿ: ರಾಗಿ ದೋಸೆ, ಶೇಂಗಾ ಚಟ್ನಿ, ಒಂದು ಲೋಟ ಹಾಲು.

ಇಫ್ತಾರ್: ಖರ್ಜೂರ, ಕಲ್ಲಂಗಡಿ, ಬೇಯಿಸಿದ ಜೋಳದ ತೆನೆ. ಊಟಕ್ಕೆ ಮೊಸರು, ಕಾಳುಮೆಣಸಿನಲ್ಲಿ ನೆನೆಸಿ ಕಾವಲಿಯ ಮೇಲೆ ಸುಟ್ಟ ಚಿಕನ್, ರೊಟ್ಟಿ, ಹಸಿ ತರಕಾರಿ.

6ನೇ ರೋಜಾ

ಸಹರಿ: ಉಪ್ಪಿಟ್ಟು, ಮೊಟ್ಟೆ, ಮೊದಲ ದಿನದ್ದೇ.

ಇಫ್ತಾರ್: ಖರ್ಜೂರ, ಮಜ್ಜಿಗೆ, ಕಡಲೆ ಉಸಲಿ. ಊಟಕ್ಕೆ ಅನ್ನ, ತೊಗರಿಬೇಳೆ ಸಾರು, ಮೊಟ್ಟೆ ಪಲ್ಯ.

7ನೇ ರೋಜಾ

ಸಹರಿ: ಚಪಾತಿ, ಪಾಲಕ್ ದಾಲ್, ಬಾಳೆಹಣ್ಣು.

ಇಫ್ತಾರ್: ಗಂಜಿ, ಹಣ್ಣು. ಊಟಕ್ಕೆ ಖೀಮಾ ಬಟಾಣಿ, ಚಪಾತಿ.

ವಾರದಲ್ಲಿ ಜುಮ್ಮಾ ಯಾವ ದಿನ ಬಂದರೂ ಅಂದು ಸಮೋಸ ಇದೆ, ತಲೆಗೆ ಒಂದು. ಅಮ್ಮಿಯ ಕೈಯ ಸಮೋಸ ಇಲ್ಲದ ರಂಜಾನ್ ನನಗೂ ಬೇಡ. ಹೊಸ ಎಣ್ಣೆಯಲ್ಲಿ ಕರಿ, ಉಳಿದ ಎಣ್ಣೆಯನ್ನು ಮರುದಿನ ಮತ್ತೆ ಕರಿಯೋಕೆ ಎತ್ತಿಡಬೇಡ.

ಅಬ್ಬಾ ವಿಷಯ ಬೇರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರು ನೋಡಿ ರೋಜಾ ಇಡಬಹುದು ಅಂದಿದ್ದಾರೆ, ಮಾತ್ರೆಯ ಹೊತ್ತೂ ಬದಲಿಸಿ ಬರೆದುಕೊಟ್ಟಿದ್ದಾರೆ, ಆ ಚೀಟಿ ಈ ಪಟ್ಟಿಯ ಕೆಳಗೇ ಇದೆ. ಅವರ ಖರ್ಜೂರ ಒಂದೇ, ಶರಬತ್ತಿನ ಬದಲು ಉಪ್ಪು ಕಡಿಮೆ ಇರುವ ಮಜ್ಜಿಗೆ, ಓಟ್ಸ್‌ಗೆ ಖರ್ಜೂರ, ಸೇಬು ಬೇಡ, ಬಾದಾಮಿ ಸಾಕು. ಮಧ್ಯಾಹ್ನ, ಅಸರ್ ಹೊತ್ತಿಗೆ ಬೆರಳು ಚುಚ್ಚಿ ನೋಡಬೇಕು, ಅದರಿಂದ ರೋಜಾ ಮುರಿಯುವುದಿಲ್ಲ. 70ಕ್ಕಿಂತ ಕೆಳಗಿಳಿದರೆ, ಇಲ್ಲವೇ 300 ದಾಟಿದರೆ ಅಲ್ಲೇ ರೋಜಾ ಬಿಡಿಸು. ಕೈ ನಡುಗಿದರೆ, ಬೆವರಿದರೆ, ಮಾತು ತೊದಲಿದರೆ ಯಂತ್ರಕ್ಕಾಗಿ ಹುಡುಕುತ್ತಾ ನಿಲ್ಲಬೇಡ, ಮೊದಲು ಸಕ್ಕರೆ ನೀರು ಕೊಡು. ಅವರು ಬೇಡ ಅಂತಾರೆ. ಕಾಯಿಲೆಯವರಿಗೆ ವಿನಾಯಿತಿ ಕೊಟ್ಟವನು ಅಲ್ಲಾಹನೇ ಅಂತ ಮೆಲ್ಲಗೆ ಹೇಳು, ಒಪ್ಪುತ್ತಾರೆ.

ಸಹರಿಗೆ ನಾಲ್ಕೂಕಾಲಿಗೆ ಏಳೋಣ, ಮಗನನ್ನು ನಾಲ್ಕೂವರೆಗೆ ಎಬ್ಬಿಸು. ಅವನು ಹೊರಳಿ ಮಲಗಿದರೂ ಬಿಡಬೇಡ, ಕೂರಿಸಿ ಮೊದಲು ನೀರು ಕೊಡು. ಕಾಳು ನೆನೆಹಾಕೋದು ಮರೆತರೆ ನನ್ನನ್ನು ಎಬ್ಬಿಸು, ಬೇಸರವಿಲ್ಲ.