ಮಾರ್ಜಿನ್ ಕಾಲ್ ಮತ್ತು ಮಾರ್ಕ್ ಟು ಮಾರ್ಕೆಟ್: ಕಚ್ಚಾ ತೈಲದ ಫ್ಯೂಚರ್ಸ್ ಮೇಲೆ ಒಂದು ಲೆಕ್ಕ

ಪ್ರಶ್ನೆ

ಸೋಮವಾರ ಒಬ್ಬ ಹೂಡಿಕೆದಾರ ಕಚ್ಚಾ ತೈಲದ 2 ಫ್ಯೂಚರ್ಸ್ ಕಾಂಟ್ರಾಕ್ಟ್‌ಗಳನ್ನು ಬ್ಯಾರೆಲ್‌ಗೆ 72.40 ಡಾಲರ್‌ನಂತೆ ಕೊಳ್ಳುತ್ತಾನೆ. ಒಂದು ಕಾಂಟ್ರಾಕ್ಟ್ ಎಂದರೆ 1,000 ಬ್ಯಾರೆಲ್. ಪ್ರತಿ ಕಾಂಟ್ರಾಕ್ಟ್‌ಗೆ ಆರಂಭಿಕ ಮಾರ್ಜಿನ್ 6,000 ಡಾಲರ್, ನಿರ್ವಹಣಾ ಮಾರ್ಜಿನ್ 4,500 ಡಾಲರ್. ಸೋಮವಾರದಿಂದ ಗುರುವಾರದವರೆಗಿನ ಸೆಟಲ್‌ಮೆಂಟ್ ದರಗಳು ಕ್ರಮವಾಗಿ 71.90, 71.30, 70.85 ಮತ್ತು 71.55. ಶುಕ್ರವಾರ ಅವನು ಎರಡೂ ಕಾಂಟ್ರಾಕ್ಟ್‌ಗಳನ್ನು 72.75ಕ್ಕೆ ಮಾರಿ ಹೊರಬರುತ್ತಾನೆ. ಮಾರ್ಜಿನ್ ಕಾಲ್ ಬಂದರೆ ಮರುದಿನದ ವಹಿವಾಟಿಗೆ ಮೊದಲೇ ಹಣ ಕಟ್ಟುತ್ತಾನೆ, ನಡುವೆ ಹಣ ಹಿಂಪಡೆಯುವುದಿಲ್ಲ. ದಲ್ಲಾಳಿಯ ಶುಲ್ಕ, ಬಡ್ಡಿ ಲೆಕ್ಕಕ್ಕಿಲ್ಲ.

(ಅ) ದಿನದಿನದ ಲಾಭ-ನಷ್ಟ, ಖಾತೆಯ ಶಿಲ್ಕು ಬರೆಯಿರಿ. (ಆ) ಯಾವ ದರಕ್ಕಿಂತ ಕೆಳಗಿಳಿದರೆ ಮೊದಲ ಮಾರ್ಜಿನ್ ಕಾಲ್ ಬರುತ್ತದೆ? (ಇ) ಒಟ್ಟು ಲಾಭವೆಷ್ಟು? (ಈ) ಸೋಮವಾರ ಇದೇ 72.40ರ ದರದಲ್ಲಿ 2 ಕಾಂಟ್ರಾಕ್ಟ್ ಮಾರಿ, ಶುಕ್ರವಾರ 72.75ಕ್ಕೆ ಮರಳಿ ಕೊಂಡವನ ಖಾತೆ ಹೇಗೆ ಸಾಗಿತು?

ಉತ್ತರ

ಮೊದಲು ಗುಣಕ ಹಿಡಿಯಿರಿ. 2 ಕಾಂಟ್ರಾಕ್ಟ್ ಎಂದರೆ 2,000 ಬ್ಯಾರೆಲ್. ದರ 1 ಸೆಂಟ್ ಅಲುಗಿದರೆ ಖಾತೆಯಲ್ಲಿ 20 ಡಾಲರ್ ಅಲುಗುತ್ತದೆ. ಆರಂಭಿಕ ಮಾರ್ಜಿನ್ ಎಂದರೆ ಶುರುವಿನಲ್ಲಿ ಇಡಬೇಕಾದ ಠೇವಣಿ, ಒಟ್ಟು 12,000. ನಿರ್ವಹಣಾ ಮಾರ್ಜಿನ್ ಎಂದರೆ ಶಿಲ್ಕು ಇಳಿಯಬಾರದ ಕನಿಷ್ಠ ಮಟ್ಟ, ಒಟ್ಟು 9,000. ಶಿಲ್ಕು ಅದಕ್ಕಿಂತ ಕೆಳಗಿಳಿದಾಗ ಹಣ ತುಂಬಲು ಬರುವ ಕರೆಯೇ ಮಾರ್ಜಿನ್ ಕಾಲ್.

(ಅ) ಮಾರ್ಕ್ ಟು ಮಾರ್ಕೆಟ್ ಎಂದರೆ ಪ್ರತಿ ಸಂಜೆ ಆ ದಿನದ ಸೆಟಲ್‌ಮೆಂಟ್ ದರಕ್ಕೆ ಖಾತೆ ಚುಕ್ತಾ ಮಾಡುವುದು. ಮೊದಲ ದಿನ ಮಾತ್ರ ಕೊಂಡ ದರದಿಂದ ಎಣಿಸಬೇಕು. ಆಮೇಲೆ ಹಿಂದಿನ ಸಂಜೆಯ ದರದಿಂದ. ಪ್ರತಿ ದಿನವೂ 72.40ರಿಂದಲೇ ಕಳೆಯುತ್ತ ಹೋದರೆ ಒಂದೇ ನಷ್ಟ ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ತಿದ್ದಿರುವ ತಪ್ಪು ಇದೇ.

| ದಿನ | ದರ | ಬದಲಾವಣೆ | ದಿನದ ಲಾಭ/ನಷ್ಟ | ಸಂಜೆಯ ಶಿಲ್ಕು | ಕಟ್ಟಬೇಕಾದ ಹಣ |
|---|---|---|---|---|---|
| ಖರೀದಿ | 72.40 | | | 12,000 | |
| ಸೋಮ | 71.90 | −0.50 | −1,000 | 11,000 | |
| ಮಂಗಳ | 71.30 | −0.60 | −1,200 | 9,800 | |
| ಬುಧ | 70.85 | −0.45 | −900 | 8,900 | 3,100 |
| ಗುರು | 71.55 | +0.70 | +1,400 | 13,400 | |
| ಶುಕ್ರ | 72.75 | +1.20 | +2,400 | 15,800 | |

ಬುಧವಾರದ ಸಾಲಿನ ಮೇಲೆ ಸ್ವಲ್ಪ ನಿಲ್ಲೋಣ. ಶಿಲ್ಕು 8,900, ಅಂದರೆ ನಿರ್ವಹಣಾ ಮಟ್ಟಕ್ಕಿಂತ 100 ಡಾಲರ್ ಕಡಿಮೆ. ಹಾಗೆಂದು ಕಟ್ಟಬೇಕಾದದ್ದು 100 ಅಲ್ಲ. ಒಮ್ಮೆ 9,000ದ ಗೆರೆ ದಾಟಿದರೆ ಖಾತೆಯನ್ನು ಮತ್ತೆ ಆರಂಭಿಕ ಮಟ್ಟಕ್ಕೇ ತುಂಬಬೇಕು: 12,000 − 8,900 = 3,100. ಕಾರಣ ಸರಳ. 100 ಮಾತ್ರ ಕಟ್ಟಿಸಿಕೊಂಡರೆ ಮರುದಿನ ದರ ಒಂದು ಸೆಂಟ್ ಇಳಿದರೂ ಮತ್ತೆ ಕರೆ ಹೋಗಬೇಕಾಗುತ್ತದೆ. ಗುರುವಾರದ ಲೆಕ್ಕ ಈ ತುಂಬಿದ 12,000ದಿಂದ ಶುರುವಾಗುತ್ತದೆ.

ಮಂಗಳವಾರ ಶಿಲ್ಕು 9,800. ಆರಂಭಿಕ ಮಟ್ಟಕ್ಕಿಂತ 2,200 ಕಡಿಮೆಯಿದ್ದರೂ ಯಾರೂ ಹಣ ಕೇಳುವುದಿಲ್ಲ. ಎರಡು ಮಟ್ಟ ಇಟ್ಟಿರುವುದೇ ಇಂಥ ಸಣ್ಣ ಏರಿಳಿತಗಳಿಗೆ ಜಾಗ ಬಿಡಲೆಂದು.

(ಆ) ಖಾತೆ ತಾಳಿಕೊಳ್ಳಬಲ್ಲ ನಷ್ಟ 12,000 − 9,000 = 3,000. ಬ್ಯಾರೆಲ್‌ಗೆ 3,000 ÷ 2,000 = 1.50. ಆದ್ದರಿಂದ ಗಡಿ ದರ 72.40 − 1.50 = 70.90. ಸರಿಯಾಗಿ 70.90ರಲ್ಲೇ ನಿಂತಿದ್ದರೆ ಶಿಲ್ಕು 9,000 ಇರುತ್ತಿತ್ತು, ಕರೆ ಬರುತ್ತಿರಲಿಲ್ಲ. ಬುಧವಾರ ದರ ಅದಕ್ಕಿಂತ 5 ಸೆಂಟ್ ಕೆಳಗೆ ಹೋಯಿತು.

ಹಣ ಕಟ್ಟಿದ ಮೇಲೆ ಗಡಿಯೂ ಸರಿಯುತ್ತದೆ: 70.85 − 1.50 = 69.35. ಗುರುವಾರ 1,400 ಲಾಭ ಬಂದು ಖಾತೆಯಲ್ಲೇ ಉಳಿದರೂ ಗಡಿ ಅದೇ 69.35. ಬೇಕಾದರೆ ಎಣಿಸಿ ನೋಡಿ: (13,400 − 9,000) ÷ 2,000 = 2.20, 71.55 − 2.20 = 69.35. ಆರಂಭಿಕ ಮಟ್ಟಕ್ಕಿಂತ ಮೇಲಿರುವ ಆ 1,400 ಅನ್ನು ಅವನು ಗುರುವಾರ ಸಂಜೆಯೇ ಹಿಂಪಡೆದಿದ್ದರೆ ಗಡಿ 70.05ಕ್ಕೆ ಏರುತ್ತಿತ್ತು. ಲಾಭ ತೆಗೆದುಕೊಂಡಷ್ಟೂ ಮುಂದಿನ ಕರೆ ಹತ್ತಿರ ಬರುತ್ತದೆ.

(ಇ) ದಿನದಿನದ ಮೊತ್ತ: −1,000 − 1,200 − 900 + 1,400 + 2,400 = +700. ನೇರ ದಾರಿಯಲ್ಲಿ: (72.75 − 72.40) × 2,000 = 700. ಮೂರನೆಯ ತಾಳೆಯೂ ಇದೆ: ಕೊನೆಯ ಶಿಲ್ಕು 15,800ರಲ್ಲಿ ಅವನೇ ಕಟ್ಟಿದ 12,000 + 3,100 = 15,100 ಕಳೆದರೆ 700. ಮೂರೂ ಕೂಡದಿದ್ದರೆ ಎಲ್ಲೋ ಒಂದು ಸಾಲು ತಪ್ಪಿದೆ ಎಂದೇ ಅರ್ಥ. ಕಟ್ಟಿದ 3,100 ನಷ್ಟವಲ್ಲ, ಅವನದೇ ಹಣ. ಶುಕ್ರವಾರ ಖಾತೆ ಮುಚ್ಚಿದಾಗ ಅದು ಮರಳಿ ಬಂತು. (ಅದು 3 ದಿನಗಳ ಒಟ್ಟು ನಷ್ಟಕ್ಕೆ ಸಮವಾಗಿರುವುದು ಕಾಕತಾಳೀಯವಲ್ಲ. 12,000ದಿಂದ ಎಷ್ಟು ಕರಗಿತೋ ಅಷ್ಟನ್ನೇ ತುಂಬಬೇಕಿತ್ತು.)

ತೈಲದ ದರ ಏರಿದ್ದು ಶೇ. 0.48. ಆದರೆ ಕಟ್ಟಿದ ಒಟ್ಟು 15,100ರ ಮೇಲೆ ಲಾಭ ಶೇ. 4.64. 1,44,800 ಡಾಲರ್ ಬೆಲೆಯ ತೈಲವನ್ನು 12,000 ಡಾಲರ್ ಠೇವಣಿಯಿಂದ ಹಿಡಿದದ್ದರ ಫಲ ಇದು. ಇಳಿದಾಗ ನಷ್ಟವೂ ಹೀಗೆಯೇ ಹಿಗ್ಗುತ್ತದೆ. ಬುಧವಾರ ದರ ಶೇ. 2.14 ಇಳಿದಿತ್ತು, ಆರಂಭದ ಠೇವಣಿಯ ಶೇ. 25.8 ಕರಗಿತ್ತು.

ಬುಧವಾರ ರಾತ್ರಿ ಆ 3,100 ಕೈಯಲ್ಲಿ ಇಲ್ಲದಿದ್ದರೆ? ದಲ್ಲಾಳಿ ಕಾಂಟ್ರಾಕ್ಟ್‌ಗಳನ್ನು ಮಾರಿಬಿಡುತ್ತಾನೆ. 70.85ಕ್ಕೇ ಮಾರಾಟವಾಯಿತು ಎಂದುಕೊಂಡರೆ 3,100 ನಷ್ಟ ಗಟ್ಟಿಯಾಗಿ, 8,900 ಮಾತ್ರ ಉಳಿಯುತ್ತದೆ. ಶುಕ್ರವಾರದ 72.75 ಅವನ ಪಾಲಿಗೆ ಇಲ್ಲ. ತೈಲ ಏರುತ್ತದೆ ಎಂಬ ಅವನ ಅಂದಾಜು ಸರಿಯೇ ಇತ್ತು. ಆದರೂ ದರ ನಡೆದ ದಾರಿಯುದ್ದಕ್ಕೂ ಖಾತೆಯಲ್ಲಿ ಹಣ ಇರಬೇಕಿತ್ತು. ವಿದ್ಯಾರ್ಥಿಗಳು ಈ ಲೆಕ್ಕದಿಂದ ಒಂದೇ ಒಂದು ಸಂಗತಿ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಲಿ ಎಂದು ನನ್ನ ಆಸೆ.

ಕೊಂಡವನ ನಷ್ಟ ಠೇವಣಿಯಷ್ಟಕ್ಕೇ ನಿಲ್ಲುತ್ತದೆ ಎಂದೂ ಭಾವಿಸಬೇಡಿ. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ತೈಲದ ಮೇ ಕಾಂಟ್ರಾಕ್ಟ್ 18.27 ಡಾಲರ್‌ನಿಂದ −37.63ಕ್ಕೆ ಇಳಿದು ಸೆಟಲ್ ಆಯಿತು. ಒಂದೇ ದಿನದಲ್ಲಿ ಬ್ಯಾರೆಲ್‌ಗೆ 55.90. ನಮ್ಮ 2 ಕಾಂಟ್ರಾಕ್ಟ್‌ಗಳಿಗೆ ಅದನ್ನು ಗುಣಿಸಿದರೆ 1,11,800 ಡಾಲರ್.

(ಈ) ಮಾರಿದವನ ಖಾತೆಗೆ ಚಿಹ್ನೆ ತಿರುಗಿಸಿದರೆ ಸಾಕು. ಸಂಜೆಯ ಶಿಲ್ಕುಗಳು: 13,000, 14,200, 15,100, 13,700, 11,300. ಒಂದು ದಿನವೂ ಮಾರ್ಜಿನ್ ಕಾಲ್ ಬರಲಿಲ್ಲ, ಆದರೂ ವಾರದ ಕೊನೆಗೆ ಅವನಿಗೆ 700 ನಷ್ಟ. ಕರೆ ಬಂದವನು ಗಳಿಸಿದ, ಬಾರದವನು ಕಳೆದುಕೊಂಡ. ಯಾವ ದಿನ ನೋಡಿದರೂ ಇಬ್ಬರ ಲಾಭ-ನಷ್ಟ ಕೂಡಿದರೆ ಸೊನ್ನೆ: ಬುಧವಾರ ಒಬ್ಬನಿಂದ ಹೋದ 900, ಎರಡೂ ಕಡೆಯ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಹೌಸ್ ಮೂಲಕ ಇನ್ನೊಬ್ಬನಿಗೆ ಸೇರಿತು, ಶುಕ್ರವಾರ 2,400 ಅದೇ ದಾರಿಯಲ್ಲಿ ಹಿಂದಕ್ಕೆ ಬಂತು.