ವಿಷಯ: ಮೊದಲ ಮೂರು ವಾರ ಧಾರವಾಡದಿಂದಲೇ ಕೆಲಸ ಮಾಡಲು ಅನುಮತಿ ಕೋರಿ

ಮಾನ್ಯರೇ,

ಪಠ್ಯ ಸಂಪಾದಕಿಯ ಹುದ್ದೆಗೆ ನನ್ನನ್ನು ಆಯ್ಕೆ ಮಾಡಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ನೇಮಕಾತಿ ಪತ್ರಕ್ಕೆ ಸಹಿ ಮಾಡಿ ಈ ಮಿಂಚಂಚೆಯೊಂದಿಗೆ ಕಳುಹಿಸಿದ್ದೇನೆ. ಜೂನ್ 2ರಂದೇ ಕೆಲಸಕ್ಕೆ ಸೇರುತ್ತೇನೆ, ಅದರಲ್ಲಿ ಬದಲಾವಣೆಯಿಲ್ಲ.

ಒಂದು ವಿನಂತಿ ಇದೆ. ಜೂನ್ 4ರಿಂದ 24ರವರೆಗೆ ಧಾರವಾಡದ ಮನೆಯಿಂದಲೇ ಕೆಲಸ ಮಾಡಲು ಸಾಧ್ಯವೇ?

ನಮ್ಮ ಅತ್ತೆಯವರಿಗೆ ಮೊಣಕಾಲು ನೋವಿರುವುದರಿಂದ ನೆಲಮಹಡಿಯ ಮನೆಯೇ ಬೇಕಾಗಿತ್ತು. ನಾಲ್ಕು ಭಾನುವಾರ ಬೆಂಗಳೂರಿಗೆ ಬಂದು ಹುಡುಕಿದ ಮೇಲೆ ಬನಶಂಕರಿಯಲ್ಲಿ ಒಂದು ಸಿಕ್ಕಿದೆ. ಬಾಗಿಲಿಗೆ ಎರಡೇ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಅತ್ತೆಯವರು ತಾವೇ ಹತ್ತಿ ಇಳಿದು ನೋಡಿ ಒಪ್ಪಿದ್ದಾರೆ. ಮುಂಗಡವನ್ನೂ ಕೊಟ್ಟಿದ್ದೇವೆ. ಆದರೆ ಈಗಿರುವವರು ಜೂನ್ 15ಕ್ಕೆ ಖಾಲಿ ಮಾಡುತ್ತಾರೆ. ಬಳಿಕ ಸುಣ್ಣಬಣ್ಣಕ್ಕೆ ಒಂದು ವಾರ ಬೇಕು. ಮಗಳ ವರ್ಗಾವಣೆ ಪತ್ರವನ್ನೂ ಅಷ್ಟರಲ್ಲಿ ಪಡೆಯಬೇಕು.

ಜೂನ್ 2 ಮತ್ತು 3ರಂದು ಕಚೇರಿಗೆ ಬಂದು ದಾಖಲೆಗಳನ್ನು ಒಪ್ಪಿಸಿ, ಲ್ಯಾಪ್‌ಟಾಪ್ ಪಡೆದು, ತಂಡದವರನ್ನು ಭೇಟಿಯಾಗುತ್ತೇನೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಮತ್ತು ಯುಪಿಎಸ್ ಇವೆ. ಕಚೇರಿಯ ವೇಳೆಯಲ್ಲಿ ಕರೆಗೆ ಸಿಗುತ್ತೇನೆ. ಏಳನೇ ತರಗತಿ ಪುಸ್ತಕದ ಕರಡು ತಿದ್ದುವ ಕೆಲಸವನ್ನು ಮೊದಲು ವಹಿಸುವುದಾಗಿ ಹೇಳಿದ್ದಿರಿ. ಅದನ್ನು ಇಲ್ಲಿಂದಲೇ ಅಚ್ಚುಕಟ್ಟಾಗಿ ಮಾಡಬಲ್ಲೆ. ಅಗತ್ಯವಿದ್ದಾಗ ರಾತ್ರಿ ರೈಲು ಹಿಡಿದು ಬೆಳಿಗ್ಗೆ ಕಚೇರಿಯಲ್ಲಿರುತ್ತೇನೆ.

ಮೂರು ವಾರ ಹೆಚ್ಚೆನಿಸಿದರೆ ಎಷ್ಟು ದಿನ ಸಾಧ್ಯವೆಂದು ತಿಳಿಸಿ. ಯಾವುದೂ ಆಗದಿದ್ದರೆ ನಾನೊಬ್ಬಳೇ ಮೊದಲು ಬಂದು ಪಿ.ಜಿ.ಯಲ್ಲಿ ಉಳಿದುಕೊಳ್ಳುತ್ತೇನೆ. ಅದಕ್ಕೆ ವ್ಯವಸ್ಥೆ ಮಾಡಿಕೊಳ್ಳಬೇಕಿರುವುದರಿಂದ ಮೇ 23ರೊಳಗೆ ಉತ್ತರಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಸುಮಾ
ಧಾರವಾಡ